ಪೆಟ್ಟಿಗೆಯನ್ನು ಕಂಡವರು ಯಾರು?

ಮೂರು ವರ್ಷದ ಹಿಂದೆ ಒಂದು ಸ್ಮರಣ ಸಂಚಿಕೆಗೆ ಕೋಲಾರದ ಬಗ್ಗೆ ನಾಲ್ಕು ಪುಟದ ಲೇಖನ ಬರೆದುಕೊಟ್ಟಿದ್ದೆ. ಪಿಎಚ್.ಡಿ.ಗೆ ನೋಂದಣಿಯಾಗಿ ಒಂದು ವರ್ಷವಾಗಿತ್ತು. ಸಂಶೋಧನೆಯ ಭಾಷೆ ಒಣಕಲು, ಜನ ಓದುವ ಹಾಗೆ ಬರೆದು ತೋರಿಸಬೇಕು ಎಂಬ ಹುಮ್ಮಸ್ಸು ಬೇರೆ. ವಿಷಯ, ಹೈದರ್ ಅಲಿಯ ಶವ ಕೋಲಾರಕ್ಕೆ ಬಂದದ್ದು. ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ 1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡಾಗ ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಒಡೆದುಹೋದೀತೆಂದು ಸಾವನ್ನು ಮುಚ್ಚಿಟ್ಟು, ಶವವನ್ನು ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಸಾಗಿಸಿದರು. ಅವನ ತಂದೆ ಫತೇ ಮಹಮ್ಮದನ ಸಮಾಧಿ ಇರುವ ಮಕ್ಬರಾ ಇಲ್ಲೇ ಇದೆಯಲ್ಲ. ನನ್ನ ಲೇಖನ ಶುರುವಾಗುತ್ತಿದ್ದದ್ದು ಹೀಗೆ: ಅಮಾವಾಸ್ಯೆಯ ಹಿಂದುಮುಂದಿನ ಕತ್ತಲು. ಮುಳಬಾಗಿಲು ಬೆಟ್ಟದ ಬುಡದಲ್ಲಿ ಒಂದು ಗಾಡಿ. ಸದ್ದಾಗದಿರಲೆಂದು ಎತ್ತಿನ ಕೊರಳ ಗಂಟೆಗಳಿಗೆ ಹತ್ತಿ ತುರುಕಿದ್ದಾರೆ.

ಎಲ್ಲರೂ ಮೆಚ್ಚಿದರು. ಆ ಹತ್ತಿಯನ್ನಂತೂ ವಿಶೇಷವಾಗಿ ಮೆಚ್ಚಿದರು.

ಹೋದ ವರ್ಷ ಮಾಲೂರಿನಲ್ಲಿ ಒಂದು ವಿಚಾರ ಸಂಕಿರಣದಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದೆ. ಎಂ.ಎ. ಓದುತ್ತಿದ್ದ ಒಬ್ಬ ಹುಡುಗಿ ಪ್ರಬಂಧ ಮಂಡಿಸುತ್ತ, ‘ಹೈದರನ ಶವ ಸಾಗಿಸಿದ ಗಾಡಿಯ ಎತ್ತುಗಳ ಗಂಟೆಗೆ ಹತ್ತಿ ತುಂಬಲಾಗಿತ್ತು’ ಎಂದು ಓದಿ, ಅಡಿಟಿಪ್ಪಣಿಯಲ್ಲಿ ನನ್ನ ಹೆಸರನ್ನೇ ಹೇಳಿದಳು. ಮೊದಲ ಕ್ಷಣ ಖುಷಿಯಾದದ್ದು ಸುಳ್ಳಲ್ಲ. ಮರುಕ್ಷಣ ಬೆವರಿದೆ. ಆ ಹತ್ತಿ ನಾನು ತುಂಬಿದ್ದು. ಗಂಟೆ ನಾನು ಕಟ್ಟಿದ್ದು. ಎತ್ತುಗಳೂ ನನ್ನವೇ.

ಓದಿಸಿಕೊಂಡು ಹೋಗುವ ಇತಿಹಾಸದ ಪುಸ್ತಕವನ್ನು ನಂಬಬಹುದೇ, ಎಷ್ಟು ನಂಬಬಹುದು ಎಂಬ ಪ್ರಶ್ನೆ ಆವತ್ತಿನಿಂದ ನನಗೆ ವಿಮರ್ಶೆಯ ಪ್ರಶ್ನೆಯಾಗಿ ಉಳಿದಿಲ್ಲ. ಹಾಗಾಗಿ ಬೇರೆಯವರ ಪುಸ್ತಕಕ್ಕೆ ಕೈಹಾಕುವ ಮೊದಲು ನನ್ನ ಪ್ಯಾರಾವನ್ನೇ ಬಿಚ್ಚಿ ನೋಡಿದೆ.

ಈ ಕಥೆಯನ್ನು ನಾನು ತೆಗೆದುಕೊಂಡದ್ದು ಮಾರ್ಕ್ ವಿಲ್ಕ್ಸ್‌ನಿಂದ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ವಿಲ್ಕ್ಸ್, 1799ರ ನಂತರದ ಮೈಸೂರಿನಲ್ಲಿ ಕೆಲವು ವರ್ಷ ಕಂಪನಿಯ ರೆಸಿಡೆಂಟ್ ಆಗಿ ಕೆಲಸ ಮಾಡಿದ. ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ. ಮೊದಲನೆಯದು 1810ರಲ್ಲಿ, ಉಳಿದೆರಡು 1817ರಲ್ಲಿ ಅಚ್ಚಾದವು. ಇಂಗ್ಲಿಷಿನಲ್ಲಿ ನಮ್ಮ ಸೀಮೆಯ ಬಗ್ಗೆ ಬಂದ ಇತಿಹಾಸಗಳಲ್ಲಿ ಇಷ್ಟು ಸೊಗಸಾಗಿ ಓದಿಸಿಕೊಳ್ಳುವುದು ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ. ಸಂಚು, ಮುತ್ತಿಗೆ, ಮಾತಿನ ಚಕಮಕಿ ಎಲ್ಲವೂ ಅದರಲ್ಲಿವೆ. ಹೈದರನ ಸಾವಿನ ಭಾಗವನ್ನು ರಾತ್ರಿ ಓದಲು ಕೂತರೆ ಮುಗಿಸಿಯೇ ಏಳಬೇಕು.

ಶವದ ಬಗ್ಗೆ ವಿಲ್ಕ್ಸ್ ಹೇಳುವುದಾದರೂ ಎಷ್ಟು? ಶವವನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಅದರೊಳಗೆ ಅಬೀರ್ ಎಂಬ ಸುಗಂಧದ ಪುಡಿ ತುಂಬಿದರು. ಬೆಲೆಬಾಳುವ ಲೂಟಿಯ ಮಾಲು ಎಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳಿಸಿದರು. ಮುಂದೆ ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಅಷ್ಟೇ. ಗಾಡಿಯೋ, ಒಂಟೆಯೋ, ಆನೆಯೋ ಹೇಳುವುದಿಲ್ಲ. ರಾತ್ರಿಯೋ ಹಗಲೋ ಹೇಳುವುದಿಲ್ಲ. ನಾನು ಮುಳಬಾಗಿಲನ್ನು ತಂದದ್ದು ಹೇಗೆ ಗೊತ್ತೇ? ಇವತ್ತು ಚಿತ್ತೂರಿನಿಂದ ಕೋಲಾರಕ್ಕೆ ಬರುವ ಬಸ್ಸು ಪಲಮನೇರು, ನಂಗಲಿ, ಮುಳಬಾಗಿಲು ಹಾದು ಬರುತ್ತದೆ. ನಾನು ಬಸ್ಸಿನಲ್ಲಿ ಬಂದ ದಾರಿಯಲ್ಲೇ ಹೈದರನನ್ನೂ ಕರೆತಂದಿದ್ದೆ. ಇದು ಊಹೆ, ಕೆಟ್ಟ ಊಹೆಯೇನೂ ಅಲ್ಲ, ಘಟ್ಟ ಹತ್ತಿ ಬರುವ ದಾರಿ ಹಿಂದೆಯೂ ಅದರ ಆಸುಪಾಸಿನಲ್ಲೇ ಇದ್ದಿರಬಹುದು. ಆದರೆ ಊಹೆಯನ್ನು ನಾನು ಊಹೆಯ ಕ್ರಿಯಾಪದದಲ್ಲಿ ಹೇಳಲಿಲ್ಲ. ‘ಬಂದಿರಬಹುದು’ ಎನ್ನಬೇಕಾದಲ್ಲಿ ‘ಬಂತು’ ಎಂದೆ. ಹತ್ತಿಯಾದರೋ ಊಹೆಯೂ ಅಲ್ಲ, ಶುದ್ಧ ಕಟ್ಟುಕತೆ.

ಇನ್ನೊಂದು ವಿಷಯ ಆಮೇಲೆ ಹೊಳೆದು ನಗು ಬಂತು. ಪೆಟ್ಟಿಗೆ ಲೂಟಿಯ ಮಾಲಿನ ವೇಷದಲ್ಲಿ, ಕಾವಲಿನೊಡನೆ ಹೋಯಿತು ಎಂದಮೇಲೆ ಗಂಟೆಗೆ ಹತ್ತಿ ಯಾಕೆ ಬೇಕು? ಸದ್ದಿಲ್ಲದೆ ಕದ್ದು ಸಾಗಿಸಿದರೆ ಅಲ್ಲವೇ ಅನುಮಾನ ಬರುವುದು? ಖಜಾನೆಯ ಮಾಲು ಎಂದಮೇಲೆ ಅದು ರಾಜಾರೋಷವಾಗಿ ಹೋಗಬೇಕು. ನನ್ನ ಅಲಂಕಾರ ಮೂಲದ ತರ್ಕವನ್ನೇ ಕೆಡಿಸಿತ್ತು. ಕಟ್ಟಿದ ವಿವರವನ್ನು ಗುರುತಿಸುವ ಒಂದು ಸುಳಿವು ಇದು: ಅದು ದೃಶ್ಯಕ್ಕೆ ಚೆನ್ನಾಗಿ ಒಗ್ಗುತ್ತದೆ, ಸಂದರ್ಭಕ್ಕೆ ಒಗ್ಗುವುದಿಲ್ಲ. ಓದುವವರ ಮನಸ್ಸಿನಲ್ಲಿ ಸಿನಿಮಾದ ಗುಟ್ಟಿನ ಪ್ರಯಾಣ ಹೇಗಿರುತ್ತದೋ ಹಾಗಿರುತ್ತದೆ.

ಇಷ್ಟು ನನ್ನ ಕಥೆಯಾಯಿತು. ವಿಲ್ಕ್ಸ್‌ನ ಪೆಟ್ಟಿಗೆಯನ್ನಾದರೂ ನಂಬಬೇಕೇ? ಅವನಾದರೂ ಕಂಡವನಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ, ಯಾರು ಕಂಡರು, ಅವರಿಂದ ಇವನ ಕಿವಿಗೆ ಹೇಗೆ ಬಂತು ಎಂಬುದು. ಸಾವನ್ನು ಮುಚ್ಚಿಟ್ಟವರಲ್ಲಿ ಮುಖ್ಯರೆಂದು ವಿಲ್ಕ್ಸ್ ಹೆಸರಿಸುವುದು ಪೂರ್ಣಯ್ಯ ಮತ್ತು ಕೃಷ್ಣರಾವ್ ಎಂಬ ಹೈದರನ ಇಬ್ಬರು ಮಂತ್ರಿಗಳನ್ನು. ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದಾಗ ದಿವಾನನಾಗಿದ್ದದ್ದು ಯಾರು? ಅದೇ ಪೂರ್ಣಯ್ಯ. ಇಬ್ಬರೂ ರಾಜ್ಯದ ವ್ಯವಹಾರಕ್ಕಾಗಿ ಮತ್ತೆಮತ್ತೆ ಎದುರಾಗುತ್ತಿದ್ದವರು. ಅಂದರೆ ಪೆಟ್ಟಿಗೆಯ ಪಕ್ಕದಲ್ಲಿದ್ದ ಮನುಷ್ಯನನ್ನೇ ಕೇಳುವ ಅವಕಾಶ ಈ ಇತಿಹಾಸಕಾರನಿಗಿತ್ತು. ಮೂವತ್ತೈದು ವರ್ಷದ ನಂತರ ಅಚ್ಚಾದ ಮಾತಾದರೂ ಇದು ಗಾಳಿಮಾತಲ್ಲ. ನಮ್ಮ ಜಿಲ್ಲೆಯ ಶ್ರೀನಿವಾಸಪುರಕ್ಕೂ ಈ ಪೂರ್ಣಯ್ಯನಿಗೂ ನಂಟಿದೆ. ಪಾಪನಪಲ್ಲಿ ಎಂದಿದ್ದ ಊರಿಗೆ ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟವನು ಅವನೇ ಎಂದು ಬಿ.ಎಲ್. ರೈಸ್‌ನ ಗೆಜೆಟಿಯರ್ ಹೇಳುತ್ತದೆ. ಶ್ರೀನಿವಾಸಪುರದ ನನ್ನ ಸ್ನೇಹಿತನ ತಾತನಿಗೆ ಇದನ್ನು ಹೇಳಿದಾಗ, ‘ಅದೆಲ್ಲ ಇಲ್ಲಪ್ಪ, ತಿರುಪತಿ ಶ್ರೀನಿವಾಸನ ಹೆಸರು’ ಎಂದು ಕೈಯಾಡಿಸಿಬಿಟ್ಟರು. ಮಾವಿನ ತೋಪಿನಲ್ಲಿ ಕೂತು ಅವರೊಡನೆ ವಾದ ಮಾಡುವ ಧೈರ್ಯ ನನಗಿರಲಿಲ್ಲ.

ಸಾಕ್ಷಿ ಹತ್ತಿರದವನಾದ ಮಾತ್ರಕ್ಕೆ ವಿಚಾರಣೆ ಮುಗಿಯುವುದಿಲ್ಲ. ಹೈದರನ ಸಾವಿನ ಕಥೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಣುವುದು ಯಾರು? ಒಡೆಯ ಸತ್ತಾಗಲೂ ಎದೆಗುಂದದೆ ಸೈನ್ಯ, ಖಜಾನೆ ಎರಡನ್ನೂ ಕಾಪಾಡಿ, ಹೈದರನ ಕಿರಿಯ ಮಗನನ್ನು ಪಟ್ಟಕ್ಕೆ ತರಲು ನಡೆದ ಸಂಚನ್ನು ಮುರಿದು ಟಿಪ್ಪುವಿಗೆ ಒಪ್ಪಿಸಿದ ಮಂತ್ರಿಗಳು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಒಪ್ಪಿಗೆಯಿಂದ ದಿವಾನನಾದವನಿಗೆ, ತಾನು ಯಾರ ಬಳಿ ಕೆಲಸ ಮಾಡಿದರೂ ನಿಷ್ಠೆಯಿಂದ ಮಾಡಿದವನು ಎಂಬ ಕಥೆ ಉಪಯೋಗಕ್ಕೆ ಬರುವಂಥದೇ. ಹಾಗೆಂದು ಪೂರ್ಣಯ್ಯ ಸುಳ್ಳು ಹೇಳಿದ ಎನ್ನುತ್ತಿಲ್ಲ. ಪೆಟ್ಟಿಗೆ, ಅಬೀರ್, ಕೋಲಾರ ಎಂಬ ವಿವರಗಳಲ್ಲಿ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವನ್ನು ಹೆಚ್ಚು ನಂಬುತ್ತೇನೆ. ಸಂಚನ್ನು ಮುರಿದ ಜಾಣತನದ ವಿವರಗಳಲ್ಲಿ ಅವನಿಗೆ ಲಾಭವಿದೆ. ಅವನ್ನು ಸ್ವಲ್ಪ ತಡೆದು ನಂಬುತ್ತೇನೆ. ಒಂದೇ ಪುಟದಲ್ಲಿ, ಒಬ್ಬನೇ ಸಾಕ್ಷಿಯ ಮಾತಿನಲ್ಲಿ, ಎರಡು ವಾಕ್ಯಗಳಿಗೆ ಎರಡು ತೂಕ ಬರುವುದು ಹೀಗೆ. ಪುಸ್ತಕವೊಂದನ್ನು ಒಟ್ಟಾಗಿ ‘ನಂಬಲರ್ಹ’ ಅಥವಾ ‘ನಂಬಲನರ್ಹ’ ಎಂದು ಮುದ್ರೆ ಒತ್ತುವವರನ್ನು ಕಂಡರೆ ನನಗೆ ಅಳುಕು.

ಮುಳಬಾಗಿಲಿಗೆ ಹೋಗೋಣ. ಈ ಬಗೆಯ ಓದಿಗೆ ಅದಕ್ಕಿಂತ ಒಳ್ಳೆಯ ಪುಟ ವಿಲ್ಕ್ಸ್‌ನಲ್ಲಿ ನನಗೆ ಸಿಕ್ಕಿಲ್ಲ.

ಮೊದಲನೇ ಮೈಸೂರು ಯುದ್ಧದ ಕಾಲ, 1768ರ ಅಕ್ಟೋಬರ್ 4. ಮುಳಬಾಗಿಲಿನ ಬೆಟ್ಟದ ಕೋಟೆ ಇಂಗ್ಲಿಷರ ಕಡೆಯಿಂದ ಮತ್ತೆ ಹೈದರನ ಕೈಸೇರಿದೆ. ಅದನ್ನು ಹಿಂದಕ್ಕೆ ಪಡೆಯಲು ಬಂದ ಕರ್ನಲ್ ವುಡ್ ಬೆಟ್ಟ ಹತ್ತಲಾರದೆ ಕೆಳಗೇ ಉಳಿದಿದ್ದಾನೆ. ಅಷ್ಟರಲ್ಲಿ ಹೈದರನೇ ದೊಡ್ಡ ಸೈನ್ಯದೊಡನೆ ಬಂದು ಅವನನ್ನು ಬಂಡೆಗಳ ನಡುವೆ ಸಿಕ್ಕಿಸಿಕೊಳ್ಳುತ್ತಾನೆ. ವುಡ್‌ನ ಸೈನ್ಯ ಇನ್ನೇನು ಮುರಿದುಬೀಳಬೇಕು. ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಎಂಬವನು ನಾಲ್ಕು ಕಂಪನಿ ಸಿಪಾಯಿಗಳನ್ನೂ ಎರಡು ತೋಪುಗಳನ್ನೂ ಕರೆದುಕೊಂಡು, ಕಣ್ಣಿಗೆ ಬೀಳದಂತೆ ಸುತ್ತುದಾರಿಯಲ್ಲಿ ಹೋಗಿ ಒಂದು ಚಪ್ಪಟೆ ಬಂಡೆಯ ನೆತ್ತಿ ಏರುತ್ತಾನೆ. ತೋಪು ಹಾರಿಸಲು ಕಾಯಿಲೆಯವರು, ಗಾಯಾಳುಗಳು ನಿಲ್ಲುತ್ತಾರೆ. ಹೈದರನ ಸೈನ್ಯದ ಎಡಮಗ್ಗುಲಿಗೆ ಗುಂಡು ಸುರಿಸುತ್ತ ಎಲ್ಲರೂ ‘ಸ್ಮಿತ್! ಸ್ಮಿತ್!’ ಎಂದು ಕೂಗುತ್ತಾರೆ. ಹಿಂದಿನ ವರ್ಷ ತಿರುವಣ್ಣಾಮಲೆಯಲ್ಲಿ ಹೈದರನನ್ನು ಸೋಲಿಸಿದ್ದ ಕರ್ನಲ್ ಸ್ಮಿತ್ ಬಂದೇಬಿಟ್ಟ ಎಂದುಕೊಂಡು ಹೈದರನವರು ಹಿಂಜರಿಯುತ್ತಾರೆ. ಮೋಸ ತಿಳಿಯುವಷ್ಟರಲ್ಲಿ ವುಡ್ ಸುಧಾರಿಸಿಕೊಂಡು ನಿಂತಿರುತ್ತಾನೆ.

ಕಥೆಯೆಂದರೆ ಹೀಗಿರಬೇಕು. ಈ ಕಾರಣಕ್ಕೇ ಪರೀಕ್ಷೆಗೆ ಈ ಪುಟವನ್ನು ಆರಿಸಿಕೊಂಡೆ. ಇತಿಹಾಸದ ಪುಸ್ತಕವನ್ನು ತೂಗಲು ಅದರ ಮುನ್ನುಡಿಯನ್ನೋ ಗ್ರಂಥಋಣವನ್ನೋ ಮೊದಲು ತೆರೆಯುವ ಅಭ್ಯಾಸ ನಮ್ಮಲ್ಲಿದೆ. ನಾನು ಈಗ ಅತ್ಯಂತ ರೋಚಕವಾದ ಪುಟವನ್ನು ಮೊದಲು ತೆರೆಯುತ್ತೇನೆ. ಬರೆಯುವವನ ಕೈ ಜಾರುವುದು ಅಲ್ಲೇ. ಕಂದಾಯದ ಲೆಕ್ಕ ಕೊಡುವಾಗ ಯಾರೂ ಹತ್ತಿ ತುರುಕಲು ಹೋಗುವುದಿಲ್ಲ.

ಪುಟವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ, ಪ್ರತಿಯೊಂದಕ್ಕೂ ‘ಇದನ್ನು ಯಾರು ಕಾಣಬಹುದಿತ್ತು?’ ಎಂದು ಕೇಳಿದೆ. ಕದನದ ಹೊತ್ತಿಗೆ ವಿಲ್ಕ್ಸ್ ಇನ್ನೂ ಹುಡುಗ, ಇಂಡಿಯಾಕ್ಕೆ ಬಂದೇ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಇಂಗ್ಲಿಷ್ ಸೈನ್ಯದ ಕಡೆಯವರ ವರದಿ, ನೆನಪು. ಬ್ರೂಕ್ ಬಂಡೆ ಏರಿದ್ದು, ಗಾಯಾಳುಗಳು ತೋಪಿನ ಬಳಿ ನಿಂತದ್ದು, ಸ್ಮಿತ್‌ನ ಹೆಸರು ಕೂಗಿದ್ದು, ಇವು ಮೂರನ್ನೂ ಆ ಕಡೆಯ ಜನ ಕಣ್ಣಾರೆ ಕಂಡು ಕಿವಿಯಾರೆ ಕೇಳಬಹುದಿತ್ತು. ಹೈದರನ ಎಡಮಗ್ಗುಲು ಹಿಂದೆ ಸರಿದದ್ದನ್ನೂ ಕಾಣಬಹುದಿತ್ತು. ಆದರೆ ‘ಸ್ಮಿತ್ ಬಂದ ಎಂದುಕೊಂಡು’ ಸರಿದರು ಎಂಬುದನ್ನು? ಅದು ಎದುರಾಳಿಯ ಮನಸ್ಸಿನೊಳಗಿನ ಮಾತು. ಬಂಡೆಯ ಮೇಲೆ ನಿಂತವನಿಗೆ ಕಾಣುವುದು ಬೆನ್ನು ಮಾತ್ರ, ಮನಸ್ಸಲ್ಲ. ಅನಿರೀಕ್ಷಿತ ದಿಕ್ಕಿನಿಂದ ಎರಡು ತೋಪು ಒಮ್ಮೆಲೇ ಗುಂಡು ಸುರಿಸಿದರೆ ಯಾರ ಹೆಸರನ್ನೂ ಕೂಗದಿದ್ದರೂ ಸೈನ್ಯ ಹಿಂಜರಿಯುತ್ತದೆ. ಅಲ್ಲದೆ, ನಾಲ್ಕು ಕಂಪನಿಯ ಕೂಗು ಕದನದ ಗದ್ದಲದಲ್ಲಿ ಎಷ್ಟು ದೂರ ಕೇಳಿಸೀತು?

ಇದನ್ನು ನೋಡಲೆಂದೇ ಒಂದು ಭಾನುವಾರ ಮುಳಬಾಗಿಲಿಗೆ ಹೋದೆ. ಕೋಲಾರದಿಂದ ಮೂವತ್ತು ಕಿಲೋಮೀಟರು ಚಿಲ್ಲರೆ. ಬೆಟ್ಟದ ಬಗ್ಗೆ ವಿಚಾರಿಸಿದಾಗ ಟೀ ಅಂಗಡಿಯವರು, ‘ಹೈದರ್ ಅಂದ್ರೆ ದರ್ಗಾ ಕಡೆ ಹೋಗ್ಬೇಕಣ್ಣ’ ಎಂದರು. ದರ್ಗಾದಲ್ಲಿರುವವರು ಸೂಫಿ ಸಂತ ಬಾಬಾ ಹೈದರ್. ಯುದ್ಧದ ಹೈದರನಿಗೂ ಅವರಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಹೆಸರು ಒಂದಾದರೆ ಕಥೆಗಳು ಒಂದರೊಳಗೊಂದು ಹೇಗೆ ಹೊಕ್ಕುಬಿಡುತ್ತವೆ ಎಂಬುದಕ್ಕೆ ಇದೂ ಒಂದು ಪಾಠವಾಯಿತು. ಬೆಟ್ಟದ ಸುತ್ತ ನಡೆದಾಡಿದಾಗ ತಿಳಿದದ್ದಿಷ್ಟು. ಚಪ್ಪಟೆ ನೆತ್ತಿಯ ಬಂಡೆ ಒಂದಲ್ಲ, ಹಲವಿವೆ. ಬ್ರೂಕನ ಬಂಡೆ ಇದೇ ಎಂದು ಬೆರಳಿಟ್ಟು ತೋರಿಸುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಬಂಡೆಗಳ ಮರೆಯಲ್ಲಿ ಒಂದು ಸಣ್ಣ ತುಕಡಿ ಕಾಣದಂತೆ ಸುತ್ತಿಬರಲು ಈ ನೆಲ ಅನುಕೂಲವೇ. ಅಷ್ಟರಮಟ್ಟಿಗೆ ನೆಲ ವಿಲ್ಕ್ಸ್‌ನ ಪರವಾಗಿ ಸಾಕ್ಷಿ ಹೇಳುತ್ತದೆ. ಕೂಗಿನ ಪರಿಣಾಮದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಾಗಾದರೆ ವಿಲ್ಕ್ಸ್ ಮೋಸ ಮಾಡಿದನೇ? ನನಗೆ ಹಾಗನ್ನಿಸುವುದಿಲ್ಲ. ಮೋಸ ತಿಳಿದ ಮೇಲೆ ಹೈದರ್ ಮತ್ತೆ ಏರಿಬಂದ, ಕದನ ಮುಂದುವರಿಯಿತು ಎಂಬುದನ್ನು ಅವನೇ ಬರೆದಿದ್ದಾನೆ. ಕಥೆಯ ದೃಷ್ಟಿಯಿಂದ ಇದು ಅನನುಕೂಲ. ‘ಸ್ಮಿತ್! ಸ್ಮಿತ್!’ ಎಂದೊಡನೆ ವೈರಿ ಓಡಿದ, ಪರದೆ ಬಿತ್ತು ಎಂದಿದ್ದರೆ ಚಪ್ಪಾಳೆ ಗ್ಯಾರಂಟಿ. ವಿಲ್ಕ್ಸ್‌ನ ನಂತರ ಇದನ್ನು ಹೇಳಿದ ಹಲವರು ಪರದೆಯನ್ನು ಅಲ್ಲೇ ಬೀಳಿಸಿದ್ದಾರೆ. ಕಥೆಯ ಅಂದವನ್ನು ಕೆಡಿಸುವ ವಿವರವನ್ನು ಲೇಖಕ ಉಳಿಸಿಕೊಂಡಿದ್ದಾನೆಯೇ ಎಂಬುದು ಅಡಿಟಿಪ್ಪಣಿಗಳ ಎಣಿಕೆಗಿಂತ ಗಟ್ಟಿಯಾದ ಗುರುತು. ಹೊಂದದ ಚೂರು ಪುಟದಲ್ಲಿ ಉಳಿದಿದೆಯೆಂದರೆ, ಅದನ್ನು ಅಲ್ಲಿ ಇಡಿಸಿದ್ದು ಲೇಖಕನ ಆಸೆಯಲ್ಲ, ಆಧಾರ. ವಿಲ್ಕ್ಸ್‌ಗೆ ಇಂಗ್ಲಿಷ್ ಅಧಿಕಾರಿಯ ಜಾಣತನದ ಮೇಲೆ ಪ್ರೀತಿಯಿತ್ತು, ಕಂಪನಿಯ ಆಳ್ವಿಕೆ ಬಂದದ್ದೇ ಸರಿ ಎಂಬ ನಂಬಿಕೆ ಅವನ ಇಡೀ ಪುಸ್ತಕದ ಕೆಳಗೆ ಹರಿಯುತ್ತದೆ. ಅದನ್ನು ಮರೆತು ಓದಿದರೆ ಕೆಟ್ಟೆವು. ಆದರೆ ಆ ಪಕ್ಷಪಾತ ಬೇರೆ, ಕಟ್ಟುಕತೆ ಬೇರೆ. ಮೊದಲನೆಯದನ್ನು ಕಳೆದು ಓದಬಹುದು. ಎರಡನೆಯದನ್ನು ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅಡಿಟಿಪ್ಪಣಿಯ ಮಾತು ಬಂತು. ಗೆಳೆಯರು ಕೆಲವರು ಇತಿಹಾಸದ ಪುಸ್ತಕ ಕೊಳ್ಳುವ ಮುಂಚೆ ಕೊನೆಯ ಪುಟಗಳನ್ನು ಬೆರಳಲ್ಲಿ ಹಿಡಿದು ದಪ್ಪ ನೋಡುತ್ತಾರೆ, ಕುಂಬಳಕಾಯಿ ತಟ್ಟಿ ನೋಡುವ ಹಾಗೆ. ದಪ್ಪವಿದ್ದರೆ ವಿದ್ವತ್ತು. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಹೈದರನ ವಿಷಯದಲ್ಲೇ ಕಾಣುತ್ತದೆ. 1897ರಲ್ಲಿ ಪರಿಷ್ಕೃತವಾಗಿ ಬಂದ ರೈಸ್‌ನ ಮೈಸೂರು ಗೆಜೆಟಿಯರ್ ಹೈದರನ ಕಾಲದ ಕಥೆಗೆ ಬಹುಮಟ್ಟಿಗೆ ವಿಲ್ಕ್ಸ್‌ನನ್ನು ನೆಚ್ಚಿಕೊಂಡಿದೆ. ಗೆಜೆಟಿಯರನ್ನು ನೆಚ್ಚಿಕೊಂಡು ಜಿಲ್ಲಾ ದರ್ಶನಗಳು ಬಂದವು, ಅವನ್ನು ನೆಚ್ಚಿ ಸ್ಮರಣ ಸಂಚಿಕೆಗಳು. ಇವತ್ತು ಒಬ್ಬ ವಿದ್ಯಾರ್ಥಿ ಪೆಟ್ಟಿಗೆಯ ಕಥೆಗೆ ಐದು ಪುಸ್ತಕಗಳ ಆಧಾರ ಕೊಡಬಹುದು, ಐದೂ ಅಚ್ಚಾದವೇ, ಪುಟಸಂಖ್ಯೆಯೂ ಸರಿಯೇ. ಆದರೆ ಸಾಕ್ಷಿ ಒಬ್ಬನೇ. ಒಂದು ದೀಪವನ್ನು ಐದು ಕನ್ನಡಿಯಲ್ಲಿ ತೋರಿಸಿ ಐದು ದೀಪ ಎಂದ ಹಾಗೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಐದೂ ಕಡೆ ಅದೇ ವಿವರಗಳು ಅದೇ ಕ್ರಮದಲ್ಲಿ ಬಂದು, ಹೊಸದೊಂದೂ ಸೇರದಿದ್ದರೆ ಮೂಲ ಒಂದೇ ಎಂದು ಅನುಮಾನಿಸಬೇಕು. ಎರಡನೇ ಸಾಕ್ಷಿ ಬೇಕೆಂದರೆ ಬೇರೆ ದಾರಿಯಲ್ಲಿ ಬಂದ ಪುಸ್ತಕ ಹಿಡಿಯಬೇಕು. ಹೈದರ್, ಟಿಪ್ಪು ಇಬ್ಬರ ಚಾಕರಿಯಲ್ಲಿದ್ದ ಕಿರ್ಮಾನಿ ಪಾರಸಿಯಲ್ಲಿ ಬರೆದ ಇತಿಹಾಸವಿದೆ. ಹೈದರನ ಭಾಗವನ್ನು ಮೈಲ್ಸ್ 1842ರಲ್ಲಿ ಇಂಗ್ಲಿಷಿಗೆ ತಂದ. ಕಿರ್ಮಾನಿಗೆ ತನ್ನದೇ ಭಕ್ತಿ, ತನ್ನದೇ ಅತಿಶಯೋಕ್ತಿಗಳಿವೆ. ಆದರೆ ಅವನು ವಿಲ್ಕ್ಸ್‌ನ ಕನ್ನಡಿಯಲ್ಲ. ಇಬ್ಬರೂ ಒಂದೇ ಮಾತು ಹೇಳಿದ ಕಡೆ ಆ ಮಾತಿನ ತೂಕ ನಿಜವಾಗಿ ಹೆಚ್ಚುತ್ತದೆ.

ಹಯವದನರಾಯರ ‘ಹಿಸ್ಟರಿ ಆಫ್ ಮೈಸೂರ್’ 1943ರಿಂದ 1946ರವರೆಗೆ ಮೂರು ಸಂಪುಟಗಳಲ್ಲಿ ಬಂತು. ಒಬ್ಬ ಸಾಕ್ಷಿಯನ್ನು ಇನ್ನೊಬ್ಬನ ಎದುರು ನಿಲ್ಲಿಸಿ ಕೇಳುವ ಕೆಲಸವನ್ನು ಅವರಷ್ಟು ತಾಳ್ಮೆಯಿಂದ ಮಾಡಿದವರು ಕಡಿಮೆ. ಆದರೆ ಅದನ್ನು ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ಈ ಎರಡು ಪುಸ್ತಕಗಳ ನಡುವೆ ಎಲ್ಲೋ ಒಂದು ಕಡೆ ನಮಗೆ ಬೇಕಾದ ಪುಸ್ತಕವಿದೆ.

ಮಾಲೂರು ತಾಲ್ಲೂಕಿನವರಾದ ಮಾಸ್ತಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅವರ ‘ಚೆನ್ನಬಸವನಾಯಕ’ ಬಿದನೂರಿನ ಕೊನೆಯ ದಿನಗಳ ಕಾದಂಬರಿ. ಬಿದನೂರು ಹೈದರನ ಕೈಸೇರಿದ್ದು 1763ರಲ್ಲಿ. ಆ ಕಥೆ ವಿಲ್ಕ್ಸ್‌ನಲ್ಲೂ ಇದೆ. ರಾಣಿ ತನ್ನ ದತ್ತುಮಗನನ್ನು ಕೊಲ್ಲಿಸಿದ ಬಗೆಯನ್ನು ವಿಲ್ಕ್ಸ್ ವಿವರವಾಗಿ ಹೇಳುತ್ತಾನೆ. ಸ್ನಾನದ ಹೊತ್ತಿಗೆ ಮೈ ನೀವುವ ಜಟ್ಟಿಯೊಬ್ಬ ಹುಡುಗನ ಕುತ್ತಿಗೆ ತಿರುವಿದ ಎಂಬ ಕಥೆ. ಯಾರು ಕಂಡರು? ಮುಚ್ಚಿದ ಬಚ್ಚಲುಮನೆಯಲ್ಲಿ ಇದ್ದವರು ಇಬ್ಬರು; ಒಬ್ಬ ಸತ್ತ, ಇನ್ನೊಬ್ಬ ಬಾಯಿಬಿಡಲಾರ. ಆಮೇಲೆ ತಾನೇ ಆ ರಾಜಕುಮಾರ ಎಂದು ಹೇಳಿಕೊಂಡು ಒಬ್ಬ ಹೈದರನ ಬಳಿ ಬಂದ, ಅವನನ್ನು ಮುಂದಿಟ್ಟುಕೊಂಡು ಹೈದರ್ ಬಿದನೂರಿನ ಮೇಲೆ ಹೋದ ಎಂಬುದನ್ನೂ ವಿಲ್ಕ್ಸ್ ಹೇಳುತ್ತಾನೆ. ಅಂದರೆ ರಾಣಿಯನ್ನು ಕೊಲೆಗಡುಕಿ ಎನ್ನುವುದರಿಂದ ಲಾಭವಾಗುವವರು ಗೆದ್ದ ಪಕ್ಷದಲ್ಲೇ ಇದ್ದರು. ಈ ಬಚ್ಚಲುಮನೆಯ ವಾಕ್ಯಕ್ಕೆ ನಾನು ಪೆಟ್ಟಿಗೆಯ ವಾಕ್ಯಕ್ಕಿಂತ ಬಹಳ ಕಡಿಮೆ ತೂಕ ಕೊಡುತ್ತೇನೆ, ಬರೆದವನು ಅದೇ ವಿಲ್ಕ್ಸ್ ಆದರೂ. ಮಾಸ್ತಿಯವರಿಗೆ ಈ ಕಷ್ಟವಿಲ್ಲ. ಕಾದಂಬರಿ ಎಂದು ಮುಖಪುಟದಲ್ಲೇ ಹೇಳಿ ಅರಮನೆಯ ಒಳಮನೆಗೆ, ಪಾತ್ರಗಳ ಮನಸ್ಸಿಗೆ ಹೋಗುತ್ತಾರೆ; ಆ ಒಪ್ಪಂದ ಓದುಗನಿಗೂ ಗೊತ್ತು. ನನಗೆ ಸಿಟ್ಟು ಬರುವುದು ಕಾದಂಬರಿಯ ಸ್ವಾತಂತ್ರ್ಯವನ್ನೂ ಇತಿಹಾಸದ ಗೌರವವನ್ನೂ ಒಟ್ಟಿಗೆ ಬಯಸುವ ಪುಸ್ತಕಗಳ ಮೇಲೆ. ‘ಅವಳ ಕಣ್ಣಂಚಿನಲ್ಲಿ ನೀರು ಜಿನುಗಿತು’ ಎಂದು ಬರೆದು ಅದರ ಕೆಳಗೆ ಗೆಜೆಟಿಯರಿನ ಪುಟಸಂಖ್ಯೆ ಕೊಡುವ ಪುಸ್ತಕಗಳು. ನನ್ನ ಲೇಖನವೂ ಆ ಜಾತಿಯದೇ.

ಮೂಲ ಬಹಳ ಚಿಕ್ಕದಾದಾಗ ಈ ಆಸೆ ಇನ್ನೂ ಹೆಚ್ಚು. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ತ್ರಿಭುವನಕರ್ತನೆಂಬ ಯತಿಯ ಬಗ್ಗೆ ಒಂದು ಶಾಸನವಿದೆ. ನಲವತ್ತು ವರ್ಷ ಆವನಿಯ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, ಕ್ರಿ.ಶ. 961ರಲ್ಲಿ ತೀರಿಕೊಂಡ ಎಂಬುದು ಅದರ ಸಾರ. ಒಂದು ಇಡೀ ಬದುಕಿಗೆ ಇಷ್ಟೇ. ಇಲ್ಲಿ ಒಳ್ಳೆಯ ಇತಿಹಾಸಕಾರ ಏನು ಮಾಡಬಹುದು? ಐವತ್ತು, ನಲವತ್ತು ಎಂಬ ದುಂಡು ಸಂಖ್ಯೆಗಳನ್ನು ಲೆಕ್ಕವೆಂದು ಓದಬೇಕೋ ಹೊಗಳಿಕೆಯೆಂದು ಓದಬೇಕೋ ಎಂದು ಕೇಳಬಹುದು. ದೇಗುಲದ ಜೊತೆಗೆ ಕೆರೆಯನ್ನು ಹೆಸರಿಸಿದ್ದೇಕೆ, ನದಿಯಿಲ್ಲದ ಈ ಸೀಮೆಯಲ್ಲಿ ಕೆರೆ ಕಟ್ಟಿಸಿದ ಮಠಾಧಿಪತಿ ಎಂದರೆ ಎಂಥ ಅಧಿಕಾರ ಎಂದು ಕೇಳಬಹುದು. ಕಥೆ ಅಲ್ಲಿಯೇ ಇದೆ. ಯತಿಯ ಬಿಳಿಗಡ್ಡ, ಮುಂಜಾವಿನ ಮಂತ್ರಘೋಷ ಬೇಕಿಲ್ಲ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದ ಪಿಎಚ್.ಡಿ. ಪ್ರಬಂಧ, ನನ್ನ ಹಾಗೆ ಅದನ್ನು ಹಾಸ್ಟೆಲ್ಲಿನ ಮಂಚದ ಮೇಲೆ ಬಿದ್ದುಕೊಂಡು ಕಥೆಯಂತೆ ಓದಿದವರು ಇನ್ನೂ ಇದ್ದಾರು. ಅದರಲ್ಲಿ ಕಲ್ಪಿಸಿದ ದೃಶ್ಯ ಇಲ್ಲ. ವೀರಗಲ್ಲಿನ ಎರಡು ಸಾಲನ್ನು ಇನ್ನೊಂದು ಶಾಸನದ ಎರಡು ಸಾಲಿನ ಪಕ್ಕದಲ್ಲಿಟ್ಟು ಕೇಳಿದ ಪ್ರಶ್ನೆಗಳಿಂದಲೇ ಅದು ಓದಿಸಿಕೊಳ್ಳುತ್ತದೆ. ಬೇಕೆಂದರೆ ಓದುಗ ಆ ಶಾಸನಕ್ಕೇ ಹೋಗಬಹುದು. ನಮ್ಮ ಜಿಲ್ಲೆಯ ಶಾಸನಗಳು ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟದಲ್ಲಿ ತಾಲ್ಲೂಕುವಾರು ಕ್ರಮಸಂಖ್ಯೆಯೊಡನೆ ಇವೆ. ಆದ್ದರಿಂದ ಸ್ಥಳೀಯ ಚರಿತ್ರೆಯ ಪುಸ್ತಕವೊಂದು ತಾಲ್ಲೂಕು, ಸಂಖ್ಯೆ ಏನೂ ಕೊಡದೆ ‘ಶಾಸನಗಳ ಪ್ರಕಾರ’ ಎಂದರೆ ಅಲ್ಲಿ ನಾನು ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತೇನೆ. ಗೆರೆಗಳು ತೀರಾ ಹೆಚ್ಚಾದರೆ ಪುಸ್ತಕ ಮುಚ್ಚುತ್ತೇನೆ.

ಮಾಲೂರಿನ ಆ ಹುಡುಗಿಯನ್ನು ಸಂಕಿರಣದ ಊಟದ ಹೊತ್ತಿಗೆ ಹುಡುಕಿ, ಹತ್ತಿಯ ವಿಷಯ ಹೇಳಿದೆ. ಅವಳು ಅನ್ನ ಕಲೆಸುವುದನ್ನು ನಿಲ್ಲಿಸಿ, ‘ಸಾರ್, ಹಾಗಾದ್ರೆ ಬರೆದಿದ್ದು ಯಾಕೆ?’ ಎಂದಳು. ಚೆನ್ನಾಗಿ ಕಾಣಲಿ ಅಂತ ಎಂದೆ. ಬೇರೆ ಉತ್ತರ ಇರಲಿಲ್ಲ. ಆ ಪ್ಯಾರಾವನ್ನು ಮತ್ತೆ ಬರೆದು ಕಳಿಸುತ್ತೇನೆ, ಬೇಕಾದರೆ ಅದನ್ನು ಉಲ್ಲೇಖಿಸಿ ಎಂದು ಮಾತುಕೊಟ್ಟೆ. ಬರೆಯಲು ಎರಡು ವಾರ ಹಿಡಿಯಿತು. ಹೀಗಿದೆ:

‘1782ರ ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ. ಶವವನ್ನು ಅಬೀರ್ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಲೂಟಿಯ ಮಾಲೆಂದು ತೋರಿಸಿಕೊಂಡು ಕಾವಲಿನೊಡನೆ ಕೋಲಾರಕ್ಕೆ ಕಳಿಸಿದರು ಎನ್ನುತ್ತಾನೆ ವಿಲ್ಕ್ಸ್. ಅವನು ಬರೆದ ಪುಸ್ತಕ ಅಚ್ಚಾದದ್ದು 1817ರಲ್ಲಿ. ಆದರೆ ಸಾವನ್ನು ಮುಚ್ಚಿಟ್ಟವರಲ್ಲಿ ಒಬ್ಬನಾದ ಪೂರ್ಣಯ್ಯ ಮೈಸೂರಿನ ದಿವಾನನಾಗಿದ್ದಾಗ ಇವನು ಅಲ್ಲಿ ರೆಸಿಡೆಂಟ್ ಆಗಿದ್ದ, ಕೇಳಿ ತಿಳಿದಿರಬಹುದು. ಕಾವಲಿನವರಿಗೆ ತಾವು ಹೊತ್ತದ್ದು ಏನೆಂದು ಹೇಳಿದ್ದರೋ ಇಲ್ಲವೋ, ವಿಲ್ಕ್ಸ್ ಹೇಳುವುದಿಲ್ಲ. ಪೆಟ್ಟಿಗೆ ಬಂದು ನಿಂತದ್ದು, ಅದರೊಳಗಿದ್ದವನ ತಂದೆ ಆಗಲೇ ಮಲಗಿದ್ದ ಊರಿನಲ್ಲಿ.’

ವಾಟ್ಸ್ಯಾಪಿನಲ್ಲಿ ಕಳಿಸಿದೆ. ಅರ್ಧ ಗಂಟೆಯ ಮೇಲೆ ಉತ್ತರ ಬಂತು. ಚೆನ್ನಾಗಿದೆ ಸಾರ್, ಕಾವಲಿನವರ ವಾಕ್ಯ ಓದಿ ಮೈ ಜುಂ ಎಂದಿತು ಎಂದಿದ್ದಳು. ಅದರ ಕೆಳಗೇ ಇನ್ನೊಂದು ಸಾಲು: ಆದ್ರೂ ಹತ್ತಿ ಇರಬೇಕಿತ್ತು.

ಅವಳ ಪ್ರಬಂಧ ಈಗ ಅಚ್ಚಾಗಿದೆ. ಹತ್ತಿಯನ್ನು ತೆಗೆದಿದ್ದಾಳೆ. ನನ್ನ ಹಳೆಯ ಲೇಖನದ ತಪ್ಪನ್ನು ಅಡಿಟಿಪ್ಪಣಿಯಲ್ಲಿ, ನನ್ನ ಹೆಸರು ಹೇಳಿಯೇ, ತಿದ್ದಿದ್ದಾಳೆ.